ವಾರಕ್ಕೊಂದು ಮಾತ್ರೆ, ದಿನಕ್ಕೊಂದು ಮಾತ್ರೆ: ಔಷಧದಂಗಡಿಯ ಮಾಲೀಕರಿಗೆ ಒಂದು ಪತ್ರ

(ಈ ಪತ್ರವನ್ನು ಸ್ಪೀಡ್ ಪೋಸ್ಟ್ ಮೂಲಕ ಮುಂಬಯಿಯ ಉಪನಗರವೊಂದರ ಔಷಧದಂಗಡಿಗೆ ಕಳುಹಿಸಿದ್ದೇನೆ. ಮಾಲೀಕರು ಕನ್ನಡಿಗರಾದ್ದರಿಂದ ಕನ್ನಡದಲ್ಲಿಯೇ ಬರೆದೆ. ಅಂಗಡಿಯ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ.)

ಮಾನ್ಯರೆ,

ಕಳೆದ ತಿಂಗಳು ನಿಮ್ಮ ಅಂಗಡಿಯಿಂದ ನನ್ನ ತಾಯಿಯವರಿಗೆ ಕೊಟ್ಟ ಎರಡು ಸ್ಟ್ರಿಪ್ ಮಾತ್ರೆಗಳ ವಿಷಯವಾಗಿ ಬರೆಯುತ್ತಿದ್ದೇನೆ. ಈ ಕುರಿತು ನಾನು ಮೂರು ಸಲ ಅಂಗಡಿಗೆ ಬಂದೆ. ಮೊದಲ ಸಲ ‘ಬದಲಿಸಿ ಕೊಡುತ್ತೇವೆ’ ಎಂಬ ಉತ್ತರ ಸಿಕ್ಕಿತು. ಎರಡನೆಯ ಸಲ ‘ತಗೊಳ್ಳುವಾಗ ನೀವೇ ನೋಡ್ಕೋಬೇಕಿತ್ತು’ ಎಂದರು. ಮೂರನೆಯ ಸಲ ನೀವೇ ಎದ್ದು ಬಂದು, ಕುರ್ಚಿ ಕೊಟ್ಟು, ಚಹಾ ತರಿಸಿ, ‘ನಾವೆಲ್ಲ ಒಂದೇ ಕಡೆಯವರು, ಇದನ್ನೇಕೆ ದೊಡ್ಡದು ಮಾಡುತ್ತೀರಿ?’ ಎಂದಿರಿ. ಆ ಮೂರೂ ಮಾತುಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುವುದು ಅಗತ್ಯವೆನಿಸಿತು.

ನಡೆದದ್ದು ಇಷ್ಟು. ನನ್ನ ತಾಯಿಗೆ ಎಪ್ಪತ್ತೊಂದು ವರ್ಷ. ಆರು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ವೈದ್ಯರ ಚೀಟಿಯಲ್ಲಿ ಎರಡು ಔಷಧಗಳಿದ್ದವು: ಭಾನುವಾರ ಮಾತ್ರ ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂ, ಉಳಿದ ಆರು ದಿನ ಫೋಲಿಕ್ ಆಸಿಡ್ 5 ಮಿಲಿಗ್ರಾಂ. ಮನೆಯಲ್ಲಿ ಮುಗಿದಿದ್ದುದು ಎರಡನೆಯದು ಮಾತ್ರ. ನಿಮ್ಮ ಹುಡುಗ ಫೋಲಿಕ್ ಆಸಿಡ್‌ಗೆ ಬದಲಾಗಿ ಮೆಥೊಟ್ರೆಕ್ಸೇಟ್ 5 ಮಿಲಿಗ್ರಾಂ ಮಾತ್ರೆಗಳ ಎರಡು ಸ್ಟ್ರಿಪ್ ಕೊಟ್ಟ. ಕೊಡುವಾಗ ಅಮ್ಮನಿಗೆ ಅಚ್ಚಕನ್ನಡದಲ್ಲಿ, ‘ಇದು ದಿನಾ ಒಂದು ಅಮ್ಮಾ, ಭಾನುವಾರ ಬೇಡ’ ಎಂದೂ ಹೇಳಿದ. ಹೇಳಿದ ಮಾತು ಚೀಟಿಯಲ್ಲಿದ್ದಂತೆಯೇ ಇತ್ತು, ಕೈಗಿತ್ತ ವಸ್ತು ಬೇರೆಯಾಗಿತ್ತು. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಎರಡೂ ಹಳದಿ ಛಾಯೆಯ ಪುಟ್ಟ ಮಾತ್ರೆಗಳು. ಆಕೆ ನಂಬಿದ್ದು ಆ ಮಾತನ್ನು.

ಇದರ ಗಂಭೀರತೆ ನಿಮ್ಮ ಹುಡುಗನಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ, ನಿಮಗೆ ತಿಳಿದಿರಲೇಬೇಕು. ಮೆಥೊಟ್ರೆಕ್ಸೇಟ್ ಮೊದಲು ಬಳಕೆಗೆ ಬಂದದ್ದು ಕ್ಯಾನ್ಸರಿನ ಔಷಧವಾಗಿ. ಜೀವಕೋಶಗಳು ವಿಭಜನೆಯಾಗಲು ಫೋಲೇಟ್ ಬೇಕು. ಶರೀರವು ಅದನ್ನು ಬಳಸಿಕೊಳ್ಳುವ ದಾರಿಯನ್ನೇ ಈ ಔಷಧ ಕಟ್ಟುತ್ತದೆ. ಸಂಧಿವಾತಕ್ಕೆ ಇದನ್ನು ಅಲ್ಪ ಪ್ರಮಾಣದಲ್ಲಿ ವಾರಕ್ಕೊಮ್ಮೆ ಮಾತ್ರ ಕೊಡುತ್ತಾರೆ. ನಡುವಿನ ದಿನಗಳಲ್ಲಿ ಅಸ್ಥಿಮಜ್ಜೆಯೂ ಬಾಯಿ ಮತ್ತು ಕರುಳಿನ ಒಳಪದರವೂ ಚೇತರಿಸಿಕೊಳ್ಳಬೇಕು. ಫೋಲಿಕ್ ಆಸಿಡ್ ಆ ಚೇತರಿಕೆಗೆ ಒತ್ತಾಸೆ. ಹಾಗಾಗಿ ಈ ಔಷಧದಲ್ಲಿ ಒಂದು ಸಲದ ಪ್ರಮಾಣಕ್ಕಿಂತ ಬಿಡುವಿಲ್ಲದ ದಿನಗಳೇ ಹೆಚ್ಚು ಅಪಾಯಕಾರಿ. ನಿಮ್ಮಲ್ಲಿ ಆದ ಅದಲುಬದಲಿನಿಂದ ಬಿಡುವೂ ಹೋಯಿತು, ಒತ್ತಾಸೆಯೂ ಹೋಯಿತು. ರಕ್ಷಣೆಯ ಮಾತ್ರೆಯ ಜಾಗದಲ್ಲಿ ಯಾವುದರಿಂದ ರಕ್ಷಣೆ ಬೇಕಿತ್ತೋ ಅದೇ ಬಂದು ಕುಳಿತಿತು.

ಲೆಕ್ಕ ಸರಳ. ಸೋಮವಾರದಿಂದ ಶನಿವಾರದವರೆಗೆ ಆರು ಮಾತ್ರೆ, ಭಾನುವಾರ ಎಂದಿನ 10 ಮಿಲಿಗ್ರಾಂ, ಮತ್ತೆ ಸೋಮವಾರ, ಮಂಗಳವಾರ ಎರಡು ಮಾತ್ರೆ. ಒಂಬತ್ತು ದಿನಗಳಲ್ಲಿ 10 ಮಿಲಿಗ್ರಾಂ ಹೋಗಬೇಕಾದಲ್ಲಿ 50 ಹೋಯಿತು. ಮಂಗಳವಾರ ರಾತ್ರಿ ಅಮ್ಮನಿಗೆ ಗಂಜಿಯೂ ನುಂಗಲಾಗಲಿಲ್ಲ; ತುಟಿಯ ಒಳಗೆ, ನಾಲಿಗೆಯ ಅಂಚಿನಲ್ಲಿ ಹುಣ್ಣು. ಮೆಥೊಟ್ರೆಕ್ಸೇಟ್ ಮಿತಿಮೀರಿದಾಗ ಕಾಣುವ ಮೊದಲ ಲಕ್ಷಣಗಳಲ್ಲಿ ಬಾಯಿಹುಣ್ಣು ಮುಖ್ಯವಾದದ್ದು; ಹೊರಗೆ ಕಾಣುವಷ್ಟರಲ್ಲಿ ಒಳಗೆ ರಕ್ತಕಣಗಳು ಕುಸಿಯುತ್ತಿರಬಹುದು. ಬುಧವಾರದ ರಕ್ತಪರೀಕ್ಷೆಯಲ್ಲಿ ಬಿಳಿಯ ರಕ್ತಕಣ 2,100, ಪ್ಲೇಟ್‌ಲೆಟ್ 82,000. ಮೊದಲನೆಯದು ಸಾಮಾನ್ಯವಾಗಿ ನಾಲ್ಕು ಸಾವಿರಕ್ಕೆ ಕಡಿಮೆ ಇರಬಾರದು, ಎರಡನೆಯದು ಒಂದೂವರೆ ಲಕ್ಷಕ್ಕೆ. ಆರು ದಿನ ಆಸ್ಪತ್ರೆ. ಅಲ್ಲಿ ಕೊಟ್ಟದ್ದು ಫೋಲಿನಿಕ್ ಆಸಿಡ್. ಫೋಲಿಕ್ ಅಲ್ಲ, ಫೋಲಿನಿಕ್. ಮೆಥೊಟ್ರೆಕ್ಸೇಟ್ ಕಟ್ಟಿಹಾಕಿದ ದಾರಿಯನ್ನು ಬಳಸಿಕೊಂಡು ಹೋಗಬಲ್ಲದ್ದು ಅದು; ಆ ಹಂತದಲ್ಲಿ ಸಾಮಾನ್ಯ ಫೋಲಿಕ್ ಆಸಿಡ್ ಕೊಟ್ಟು ಪ್ರಯೋಜನವಿಲ್ಲ. ‘ಬದಲಿಸಿ ಕೊಡುತ್ತೇವೆ’ ಎಂದ ನಿಮ್ಮವರಿಗೆ ಇದನ್ನು ತಿಳಿಸಿರಿ.

ಬದಲಾಯಿಸಲು ನಾನು ಒಪ್ಪದಿದ್ದುದಕ್ಕೆ ಇನ್ನೊಂದು ಕಾರಣವಿದೆ. ಉಳಿದ ಹನ್ನೆರಡು ಮಾತ್ರೆ, ಎರಡೂ ಸ್ಟ್ರಿಪ್, ಬಿಲ್ಲು, ಚೀಟಿ ಇವಿಷ್ಟೇ ಈ ಪ್ರಕರಣದ ಸಾಕ್ಷಿ. ಸ್ಟ್ರಿಪ್ ನಿಮ್ಮ ಕೌಂಟರಿನ ಆಚೆಗೆ ಹೋದರೆ ಉಳಿಯುವುದು ಒಬ್ಬ ಮುದುಕಿಯ ಮಾತು.

ಬಿಲ್ಲನ್ನು ನಾನು ಗಮನವಿಟ್ಟು ಓದಿದೆ. ಕಡತ ಓದುವುದು ನನ್ನ ವೃತ್ತಿ. ಅದರಲ್ಲಿ ಮುದ್ರಿತವಾಗಿರುವುದು ಫೋಲಿಕ್ ಆಸಿಡ್ ಅಲ್ಲ, ಮೆಥೊಟ್ರೆಕ್ಸೇಟಿನ ಬ್ರ್ಯಾಂಡ್ ಹೆಸರು. ಬ್ಯಾಚ್ ನಂಬರು ಸ್ಟ್ರಿಪ್ಪಿನ ಮೇಲಿರುವುದಕ್ಕೆ ಸರಿಯಾಗಿ ಹೊಂದುತ್ತದೆ. ಬಿಲ್ಲಿನಲ್ಲಿ ಫೋಲಿಕ್ ಆಸಿಡ್ ಎಂದಿದ್ದು ಕೈಗೆ ಬೇರೆಯದು ಬಂದಿದ್ದರೆ, ಕಪಾಟಿನಿಂದ ತೆಗೆಯುವಾಗ ಕೈ ತಪ್ಪಿತೆನ್ನಬಹುದಿತ್ತು. ಇಲ್ಲಿ ತಪ್ಪಿದ್ದು ಅದಕ್ಕೂ ಮೊದಲು, ಕಂಪ್ಯೂಟರಿನ ಮುಂದೆ. ಎರಡೂ ಬ್ರ್ಯಾಂಡುಗಳ ಹೆಸರು FOL ಎಂದೇ ಆರಂಭವಾಗುತ್ತದೆ. ಮೂರಕ್ಷರ ಒತ್ತಿದೊಡನೆ ಪರದೆಯ ಮೇಲೆ ಒಂದರ ಕೆಳಗೊಂದು ಸಾಲಾಗಿ ಬರುತ್ತವೆ. ಚೀಟಿಯಲ್ಲಿದ್ದ ‘5’ ಎಂಬ ಅಂಕಿಯೂ ಎರಡರಲ್ಲೂ ಇದೆ. ಒಂದು ಸಾಲು ಆಚೀಚೆಯಾಯಿತು. ಆಮೇಲೆ ಹುಡುಗ ಬಿಲ್ಲು ನೋಡಿ ಔಷಧ ತಂದ, ಇನ್ನೊಬ್ಬ ಬಿಲ್ಲಿನೊಂದಿಗೆ ತಾಳೆ ನೋಡಿ ಚೀಲಕ್ಕೆ ಹಾಕಿದ. ತಾಳೆ ಸರಿಯಾಗಿಯೇ ಇತ್ತು! ತಪ್ಪು ಬಿಲ್ಲಿಗೂ ತಪ್ಪು ಔಷಧಕ್ಕೂ ಎಷ್ಟು ಸಲ ತಾಳೆ ನೋಡಿದರೂ ಅವು ಕೂಡಿಯೇ ಬರುತ್ತವೆ. ಕೊನೆಯ ತಪಾಸಣೆ ಚೀಟಿಗೂ ಸ್ಟ್ರಿಪ್ಪಿಗೂ ನಡುವೆ ಆಗಬೇಕು. ನಿಮ್ಮ ಅಂಗಡಿಯಲ್ಲಿ ಆ ತಪಾಸಣೆಯೇ ಇಲ್ಲ.

ಹೆಸರುಗಳು ಹೀಗೆ ಹೋಲುವುದು ತಯಾರಕರ ದೋಷ ಎಂದಿರಿ. ಒಪ್ಪುತ್ತೇನೆ. ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ, ಕ್ಯಾಡಿಲಾ ಹೆಸರಿನ ಎರಡು ಕಂಪನಿಗಳ ಮಲೇರಿಯಾ ಔಷಧಗಳ ವ್ಯಾಜ್ಯದಲ್ಲಿ, ಔಷಧಗಳ ಹೆಸರಿನ ಹೋಲಿಕೆಯನ್ನು ಇತರ ಸರಕುಗಳಿಗಿಂತ ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂದು ಹೇಳಿತು. ಅಷ್ಟಾದರೂ ಹೋಲುವ ಹೆಸರುಗಳು ಮಾರುಕಟ್ಟೆಯಲ್ಲಿವೆ. ಆದರೆ ಹೆಸರುಗಳು ಹೋಲುತ್ತವೆ ಎಂಬ ಕಾರಣಕ್ಕಾಗಿಯೇ ಅಲ್ಲವೇ ಕಾನೂನು ನಿಮ್ಮ ಕೌಂಟರಿನ ಹಿಂದೆ ಒಬ್ಬ ಫಾರ್ಮಸಿಸ್ಟ್ ಇರಬೇಕೆನ್ನುವುದು? ಔಷಧ ನಿಯಮಗಳು, 1945ರ 65ನೆಯ ನಿಯಮದಂತೆ, ವೈದ್ಯರ ಚೀಟಿಯ ಮೇಲಿನ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ಸ್ವತಃ, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಮಾತ್ರ ಕೊಡಬೇಕು. ಚೀಟಿಯಲ್ಲಿದ್ದುದಕ್ಕೆ ಬದಲಾಗಿ ಬೇರೊಂದನ್ನು ಕೊಡುವಂತಿಲ್ಲ. ನಿಮ್ಮ ಗೋಡೆಯ ಮೇಲೆ ನೋಂದಣಿ ಪ್ರಮಾಣಪತ್ರ ಅಂದವಾದ ಚೌಕಟ್ಟಿನಲ್ಲಿದೆ. ಆ ಹೆಸರಿನ ವ್ಯಕ್ತಿಯನ್ನು ನಾನು ಮೂರು ಭೇಟಿಗಳಲ್ಲಿ ಒಮ್ಮೆಯೂ ಕಾಣಲಿಲ್ಲ. ಬಿಲ್ಲಿನಲ್ಲಿ ಅವರ ಸಹಿಯ ಜಾಗ ಖಾಲಿ.

ಇನ್ನು ‘ನೀವೇ ನೋಡ್ಕೋಬೇಕಿತ್ತು’ ಎಂಬ ಮಾತು. ಚೀಟಿ ಓದಿ, ಔಷಧ ಗುರುತಿಸಿ, ಅದು ವಾರಕ್ಕೊಮ್ಮೆಯದೋ ದಿನಕ್ಕೊಮ್ಮೆಯದೋ ಎಂದು ವಿವೇಚಿಸುವ ಕೆಲಸ ಎಪ್ಪತ್ತೊಂದರ ಗಿರಾಕಿಯದಾದರೆ, ಔಷಧದಂಗಡಿಗೂ ಕಿರಾಣಿ ಅಂಗಡಿಗೂ ಇರುವ ವ್ಯತ್ಯಾಸವೇನು? ಲೈಸೆನ್ಸ್ ಪಡೆದವರು ನೀವು, ಅಮ್ಮನಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಅಂಗಡಿಯಿಂದ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ಆದ ಅನಾನುಕೂಲಕ್ಕೆ ವಿಷಾದಿಸಲಾಗಿದೆ ಎಂದು. ಇಂಗ್ಲಿಷ್ ಸಾಹಿತ್ಯ ಓದಿ, ಆಮೇಲೆ ಇಪ್ಪತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಕಳೆದವನಿಗೆ ಈ ಕರ್ಮಣಿ ಪ್ರಯೋಗದ ಉಪಯೋಗ ಚೆನ್ನಾಗಿ ಗೊತ್ತು. ಅದರಲ್ಲಿ ಕ್ರಿಯೆ ಇರುತ್ತದೆ, ಕರ್ತೃ ಇರುವುದಿಲ್ಲ. ನನಗೆ ಬೇಕಾದದ್ದು ಕರ್ತೃವಿರುವ ವಾಕ್ಯ: ಇಂಥ ದಿನ, ಇಂಥ ಬಿಲ್ಲಿನಲ್ಲಿ, ಫೋಲಿಕ್ ಆಸಿಡ್ ಬದಲು ಮೆಥೊಟ್ರೆಕ್ಸೇಟ್ ಅನ್ನು ನಾವು ಕೊಟ್ಟೆವು, ಆಗ ಫಾರ್ಮಸಿಸ್ಟ್ ಅಂಗಡಿಯಲ್ಲಿ ಇದ್ದರು ಅಥವಾ ಇರಲಿಲ್ಲ. ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ, ನಿಮ್ಮ ಸಹಿಯೊಂದಿಗೆ.

ಅದರೊಂದಿಗೆ ಒಂದು ಕೆಲಸ ಇಂದೇ ಆಗಬೇಕು. ಅದಕ್ಕೆ ಪತ್ರದ ಉತ್ತರದವರೆಗೂ ಕಾಯಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಕಳೆದ ಮೂರು ತಿಂಗಳ ಮೆಥೊಟ್ರೆಕ್ಸೇಟ್ ಬಿಲ್ಲುಗಳನ್ನು ತೆಗೆದು ನೋಡಿ. ವಾರಕ್ಕೊಂದು ನುಂಗುವವರಿಗೆ ಹತ್ತು ಮಾತ್ರೆಯ ಒಂದು ಸ್ಟ್ರಿಪ್ ಎರಡು ತಿಂಗಳಿಗೂ ಮೀರಿ ಬರುತ್ತದೆ. ಒಂದೇ ಹೆಸರಿಗೆ ತಿಂಗಳಿಗೆ ಎರಡು ಮೂರು ಸ್ಟ್ರಿಪ್ ಹೋಗಿದ್ದರೆ ಒಡನೆಯೇ ಫೋನ್ ಮಾಡಿ ವಿಚಾರಿಸಿ. ಒಮ್ಮೆಗೆ ಹೆಚ್ಚು ಮಾತ್ರೆ ನುಂಗಬೇಕಾದವರೂ ಇದ್ದಾರು. ಆದರೆ ಕೇಳದೆ ಅದು ತಿಳಿಯುವುದಿಲ್ಲ. ನನ್ನ ತಾಯಿಯ ಬಾಯಿಹುಣ್ಣನ್ನು ಗುರುತಿಸಲು ಮನೆಯಲ್ಲಿ ಜನರಿದ್ದರು. ಮಕ್ಕಳು ದೂರವಿದ್ದು ಒಂಟಿಯಾಗಿರುವವರು ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನ?

ಮುಂದಿನ ವ್ಯವಸ್ಥೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೆಥೊಟ್ರೆಕ್ಸೇಟ್ ಅಕಾರಾದಿಯಲ್ಲಿ ಫೋಲಿಕ್ ಆಸಿಡ್ ಪಕ್ಕ ಕೂರುವುದು ಬೇಡ. ಅದಕ್ಕೆ ಬೇರೆ ಡಬ್ಬಿ, ಬೇರೆ ಕಪಾಟು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಆ ಹೆಸರು ಆರಿಸಿದಾಗ ‘ವಾರಕ್ಕೊಮ್ಮೆ?’ ಎಂಬ ಎಚ್ಚರಿಕೆ ಬರುವಂತೆ ಮಾಡಲಾಗುವುದೇ ಎಂದು ಮಾರಿದವರನ್ನು ಕೇಳಿ. ಆಗದಿದ್ದರೆ ಹೆಸರಿನ ಮುಂದೆ ಒಂದು ಗುರುತನ್ನಾದರೂ ಸೇರಿಸಲು ಕೇಳಿ, ಪಟ್ಟಿಯಲ್ಲಿ ಅದು ದೂರ ಸರಿಯುತ್ತದೆ. ಕೊಡುವಾಗ ವಾರದ ಹೆಸರನ್ನು ಗಿರಾಕಿಗೆ ತಿಳಿಯುವ ಭಾಷೆಯಲ್ಲಿ ಲಕೋಟೆಯ ಮೇಲೆ ಬರೆಯಿರಿ, ‘ಭಾನುವಾರ ಮಾತ್ರ’ ಎಂದು. ಕೊನೆಗೆ ಚೀಟಿಯನ್ನೂ ಸ್ಟ್ರಿಪ್ಪನ್ನೂ ಎದುರೆದುರು ಹಿಡಿದು ನೋಡಿ ಸಹಿ ಹಾಕುವ ಫಾರ್ಮಸಿಸ್ಟ್ ಇರಲಿ. ಅವರಿಲ್ಲದ ಹೊತ್ತಿನಲ್ಲಿ ಚೀಟಿಯ ಔಷಧ ಕೊಡಬೇಡಿ. ವ್ಯಾಪಾರ ಕಡಿಮೆಯಾಗುತ್ತದೆ, ಗೊತ್ತು.

ಒಂದು ಕೆಲಸವನ್ನು ಮಾತ್ರ ಮಾಡಬೇಡಿ: ಹುಡುಗನನ್ನು ಕೆಲಸದಿಂದ ತೆಗೆಯಬೇಡಿ. ಊರಿನಿಂದ ನೀವೇ ಕರೆತಂದ ಹುಡುಗ. ಅವನಿಗೆ ಕಲಿಸದೆಯೇ ಕೌಂಟರಿನಲ್ಲಿ ನಿಲ್ಲಿಸಿದವರು ನೀವು. ಅವನನ್ನು ಕಳುಹಿಸಿಬಿಟ್ಟರೆ ಕಡತ ಮುಚ್ಚಿದಂತಾಗುತ್ತದೆ, ಕಂಪ್ಯೂಟರಿನ ಪಟ್ಟಿ ಹಾಗೆಯೇ ಇರುತ್ತದೆ, ಮುಂದಿನ ಹುಡುಗ ಅದೇ ಮೂರಕ್ಷರ ಒತ್ತುತ್ತಾನೆ.

ನಾವು ಒಂದೇ ಕಡೆಯವರು ಎಂದಿರಿ. ನಿಜ. ಅಮ್ಮ ಹತ್ತಿರದ ಎರಡು ಅಂಗಡಿಗಳನ್ನು ದಾಟಿ ನಿಮ್ಮಲ್ಲಿಗೆ ಬರುತ್ತಿದ್ದುದು ಅದಕ್ಕಾಗಿಯೇ. ಈ ಊರಿನಲ್ಲಿ ಮೂವತ್ತು ವರ್ಷ ಕಳೆದರೂ ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳುವ ಜಾಗ ಆಕೆಗೆ ಮೂರೋ ನಾಲ್ಕೋ. ಆ ನಂಟಿನಿಂದ ನಿಮಗೆ ಗಿರಾಕಿಗಳು ಬರುತ್ತಾರೆ. ಅದೇ ನಂಟನ್ನು ಅವರ ಬಾಯಿ ಮುಚ್ಚಿಸಲು ಬಳಸುವುದು ನ್ಯಾಯವಲ್ಲ. ಅನ್ಯಭಾಷಿಕನೊಬ್ಬನ ಅಂಗಡಿಯಲ್ಲಿ ಹೀಗಾಗಿದ್ದರೆ ಮೊದಲು ದನಿ ಎತ್ತುವವರು ನೀವೇ ಆಗಿರುತ್ತಿದ್ದಿರಿ.

ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಬಾರದಿದ್ದರೆ ಚೀಟಿ, ಬಿಲ್ಲು, ಸ್ಟ್ರಿಪ್ಪಿನ ಭಾವಚಿತ್ರ ಮತ್ತು ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶದೊಂದಿಗೆ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೂ ರಾಜ್ಯ ಫಾರ್ಮಸಿ ಪರಿಷತ್ತಿಗೂ ದೂರು ಹೋಗುತ್ತದೆ. ಗ್ರಾಹಕ ಆಯೋಗಕ್ಕೆ ಹೋಗಲು 2019ರ ಕಾಯಿದೆಯಂತೆ ಎರಡು ವರ್ಷದ ಅವಧಿಯಿದೆ; ನನಗೆ ಅವಸರವಿಲ್ಲ. ಆಸ್ಪತ್ರೆಯ ಖರ್ಚಿನ ಬಗ್ಗೆ ಈ ಪತ್ರದಲ್ಲಿ ಬೇಕೆಂದೇ ಏನನ್ನೂ ಕೇಳಿಲ್ಲ. ಹನ್ನೆರಡು ಮಾತ್ರೆಗಳು ನನ್ನ ಬಳಿ ಮೊಹರು ಮಾಡಿದ ಲಕೋಟೆಯಲ್ಲಿವೆ. ಪರಿಶೀಲಿಸಬೇಕೆಂದರೆ ನಿಮ್ಮ ಫಾರ್ಮಸಿಸ್ಟ್ ಅವರನ್ನು ನಮ್ಮ ಮನೆಗೆ ಕಳುಹಿಸಿಕೊಡಿ. ಅಮ್ಮನೂ ಅವರನ್ನು ಒಮ್ಮೆ ನೋಡಬೇಕೆನ್ನುತ್ತಾಳೆ.

ಇತಿ,
ನಿಮ್ಮ ಗಿರಾಕಿಯೊಬ್ಬರ ಮಗ