ಎಂಟೂವರೆಯೊಳಗೆ ಒಂದು ಹೂವು

ಬೆಳಿಗ್ಗೆ ಲೋಕಲ್‌ನಲ್ಲಿ ನೇತಾಡುತ್ತಾ ಮೊಬೈಲ್ ತೆರೆದರೆ ಗುಲಾಬಿ, ಗಣಪತಿ, ಹಬೆಯಾಡುವ ಕಾಫಿ ಲೋಟ, ಕೆಳಗೊಂದು ‘ಶುಭೋದಯ’. ನಮ್ಮಲ್ಲಿ ಹೆಚ್ಚಿನವರು ನೋಡದೆಯೇ ಅಳಿಸುವವರು. ಆದರೆ ಊರಿನ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಂದ ಬರುವ ಹೂವಿನ ಮಾತು ಬೇರೆ. ಅದು ಹೇಳುವುದು ಇಷ್ಟೇ: ಎದ್ದಿದ್ದೇನೆ, ನಡೆದಾಡುತ್ತಿದ್ದೇನೆ.

ನನ್ನಮ್ಮ ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಒಬ್ಬರೇ. ನಾನು ಡೊಂಬಿವಲಿ, ತಮ್ಮ ಚೆನ್ನೈ. ನಾವು ಮಾಡಿಕೊಂಡಿರುವ ಏರ್ಪಾಟು ಸಣ್ಣದು. ಬೆಳಿಗ್ಗೆ ಎಂಟೂವರೆಯೊಳಗೆ ಅಮ್ಮ ಏನಾದರೂ ಒಂದು ಕಳಿಸಬೇಕು. ಹೂವಾದರೂ ಸರಿ, ‘ಹಾಲು ಒಡೆದು ಹೋಯ್ತು’ ಎಂಬ ಸಾಲಾದರೂ ಸರಿ. ನಾವು ಉತ್ತರ ಬರೆಯಲೇಬೇಕೆಂದಿಲ್ಲ, ಬರೆದರೆ ಅವರು ಮಾತು ಮುಂದುವರಿಸಬೇಕೆಂದೂ ಇಲ್ಲ. ಎಂಟೂವರೆಗೆ ಮುಂಚೆ ಯಾರೂ ‘ಯಾಕೆ ಬಂದಿಲ್ಲ’ ಎಂದು ಕೇಳುವಂತಿಲ್ಲ. ಈ ಕೊನೆಯ ಷರತ್ತು ಅಮ್ಮನದು.

ಎಂಟೂವರೆ ದಾಟಿದರೆ ಮಾಡುವುದೇನೆಂಬುದೂ ಮೊದಲೇ ನಿಗದಿ. ನಾನೊಂದು ಸಾಲು ಕಳಿಸಿ ಟಿಕ್ ನೋಡುತ್ತೇನೆ. ಒಂದೇ ಟಿಕ್ ಬಿದ್ದರೆ ಆ ಫೋನಿಗೆ ಸಂದೇಶ ತಲುಪಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಇದು ದಿನದ ಕಥೆ. ಕರೆಂಟ್ ಹೋಗಿರುತ್ತದೆ, ಟವರ್ ಮಲಗಿರುತ್ತದೆ, ಚಾರ್ಜ್ ಮುಗಿದಿರುತ್ತದೆ. ಬೂದು ಬಣ್ಣದ ಎರಡು ಟಿಕ್ ಬಿದ್ದರೆ ನನಗೆ ಹೆಚ್ಚು ಆತಂಕ. ಫೋನು ಜೀವಂತ, ನೆಟ್‌ವರ್ಕೂ ಇದೆ, ನೋಡುವವರು ಮಾತ್ರ ನೋಡಿಲ್ಲ. ಆಗ ಒಂದು ಕರೆ. ಎತ್ತದಿದ್ದರೆ ಕಾಯದೆ ಪಕ್ಕದ ಮನೆಗೆ ಫೋನ್. ಒಂದೇ ಟಿಕ್ ಇದ್ದರೆ ಹತ್ತು ಗಂಟೆಯವರೆಗೆ ಕಾಯುತ್ತೇವೆ, ಆಮೇಲೆ ಅದೇ ದಾರಿ. ಇದನ್ನೆಲ್ಲ ಕುಟುಂಬದ ಗ್ರೂಪಿನಲ್ಲಿ ಮಾಡಿದರೆ ನಡೆಯದು. ಗ್ರೂಪಿನಲ್ಲಿ ಎಲ್ಲರ ಫೋನಿಗೂ ತಲುಪುವವರೆಗೆ ಎರಡನೇ ಟಿಕ್ ಬೀಳುವುದಿಲ್ಲ. ಯಾವನೋ ಅಳಿಯ ಫೋನ್ ಆಫ್ ಮಾಡಿ ಮಲಗಿದ್ದರೆ ಅಮ್ಮನ ಬಗ್ಗೆ ನಮಗೇನೂ ಗೊತ್ತಾಗದು.

ಪಕ್ಕದ ಮನೆಯಲ್ಲಿ ನಮ್ಮ ಬೀಗದ ಕೀ ಇದೆ. ಆದರೆ ಒಳಗಿನಿಂದ ಚಿಲಕ ಹಾಕಿದ್ದರೆ ಕೀ ಇದ್ದೇನು ಫಲ? ಹಾಗಾಗಿ ಎದ್ದ ಕೂಡಲೇ ಹಿಂಬಾಗಿಲ ಚಿಲಕ ತೆಗೆಯುವುದು ಅಮ್ಮನ ಮೊದಲ ಕೆಲಸ, ಬಚ್ಚಲಿಗೆ ಹೋದರೆ ಬಾಗಿಲು ಬರೀ ಮುಚ್ಚುವುದು. ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಹೂವು ಬರಲಿಲ್ಲ. ಎರಡು ಬೂದು ಟಿಕ್. ಕರೆ ಹೋಯಿತು, ಎತ್ತಲಿಲ್ಲ. ಪಕ್ಕದ ಮನೆಯಾಕೆ ಹಿಂಬಾಗಿಲಿಂದ ಒಳಗೆ ಹೋದಾಗ ಒಂಬತ್ತು ಗಂಟೆಯೂ ಆಗಿರಲಿಲ್ಲ. ಅಮ್ಮ ಬಚ್ಚಲಲ್ಲಿ ಜಾರಿ ಗೋಡೆಗೊರಗಿ ಕೂತಿದ್ದರು, ಎಡಗೈ ಮಣಿಕಟ್ಟು ಊದಿತ್ತು. ಮೂಳೆ ಬಿರುಕು ಬಿಟ್ಟಿತ್ತು, ಆರು ವಾರ ಪಟ್ಟಿ.

ಇದಾದ ಮೇಲೆ ತಮ್ಮನಿಗೆ ಧೈರ್ಯ ಸಾಲಲಿಲ್ಲ. ಅಮ್ಮನ ‘ಲಾಸ್ಟ್ ಸೀನ್’ ನೋಡಲು ಶುರುಮಾಡಿದ. ‘ರಾತ್ರಿ ಒಂದೂವರೆಗೆ ಆನ್‌ಲೈನ್ ಇದ್ದೆಯಲ್ಲ, ನಿದ್ದೆ ಬರಲ್ವಾ?’ ಒಂದು ವಾರ ಸಹಿಸಿಕೊಂಡ ಅಮ್ಮ ಪಕ್ಕದ ಮನೆಯ ಹುಡುಗಿಯಿಂದ ಅದನ್ನು ಮರೆಮಾಡಿಸಿದರು. ನನಗೆ ಫೋನ್ ಮಾಡಿ, ‘ನಿದ್ದೆ ಬಾರದ ರಾತ್ರಿ ಯಾರ ಜೊತೆ ಯಕ್ಷಗಾನ ನೋಡಿದೆ ಅಂತ ಲೆಕ್ಕ ಕೊಡ್ಬೇಕಾ ಮಾರಾಯ?’ ಎಂದರು. ಅವರದೇ ಸರಿ. ಬೆಳಗಿನ ಹೂವು ಅವರಾಗಿ ಕೊಡುವ ಸುದ್ದಿ. ಲಾಸ್ಟ್ ಸೀನ್ ನಾವು ಕಿಟಕಿಯಿಂದ ಇಣುಕಿ ತೆಗೆದುಕೊಳ್ಳುವ ಸುದ್ದಿ. ಮೊದಲನೆಯದಕ್ಕೆ ಎಂಟೂವರೆ ಎಂಬ ಕೊನೆ ಇದೆ. ಎರಡನೆಯದಕ್ಕೆ ಕೊನೆಯೇ ಇಲ್ಲ, ಇಡೀ ದಿನ ನೋಡುತ್ತಲೇ ಇರಬಹುದು, ನೋಡಿದಷ್ಟೂ ಹೊಸ ಪ್ರಶ್ನೆ.

ಈ ಏರ್ಪಾಟಿನಲ್ಲಿ ಒಂದು ದೊಡ್ಡ ತೂತಿದೆ. ಹೂವು ಕಳಿಸಿ ಒಂಬತ್ತು ಗಂಟೆಗೆ ಬಿದ್ದರೆ ನಮಗೆ ತಿಳಿಯುವುದು ಮರುದಿನ. ಸಂಜೆಯೂ ಒಂದು ಕಳಿಸು ಎಂದು ತಮ್ಮ ಹಟ ಹಿಡಿದ. ‘ದಿನಕ್ಕೆರಡು ಸಲ ಹಾಜರಿ ಹಾಕೋಕೆ ನಾನೇನು ಶಾಲೆ ಮಗುವಾ?’ ಎಂದು ಅಮ್ಮ ಒಪ್ಪಲಿಲ್ಲ. ಬದಲಿಗೆ ಸಂಜೆ ಹಾಲು ತರಲು ತಾವೇ ಪಕ್ಕದ ಮನೆಗೆ ಹೋಗುತ್ತಾರೆ. ಬಾರದಿದ್ದರೆ ಆಕೆಯೇ ಬಂದು ನೋಡುತ್ತಾಳೆ. ನಡುವಿನ ಎಂಟೊಂಬತ್ತು ಗಂಟೆ ಅಮ್ಮನದು. ಆ ಅಪಾಯ ಅವರಿಗೂ ಗೊತ್ತು, ಗೊತ್ತಿದ್ದೇ ಇಟ್ಟುಕೊಂಡಿದ್ದಾರೆ.

ಹೋದ ಶನಿವಾರ ರಾತ್ರಿ ಅವರದೊಂದು ಸಾಲು ಬಂತು: ‘ನಾಳೆ ಅಕ್ಕನ ಮನೆಗೆ. ಹೂವಿಗೆ ರಜೆ.’