ಕರಾರಿನಲ್ಲಿ ಬರೆಯೋ ಬೆಲೆ ಯಾರ ಲಾಭಕ್ಕೆ?

"ಮುದ್ರಾಂಕ, ನೋಂದಣಿ ಎಲ್ಲಾ ಸೇರಿ ಒಂದೂಕಾಲು ಲಕ್ಷ ಆಗುತ್ತೆ, ರೆಡಿ ಮಾಡ್ಕೊಳ್ಳಿ." ಸೈಟು ತಗೊಳ್ಳೋಕೆ ಹೋದ ನಮ್ಮ ಜನಕ್ಕೆ ಬ್ರೋಕರ್ ಹೇಳೋ ಮಾತು ಇದು. ಯಾವ ಬೆಲೆಯ ಮೇಲೆ, ಎಷ್ಟು ಪರ್ಸೆಂಟು, ಯಾವುದಕ್ಕೆ ಎಷ್ಟು ಅಂತ ಯಾರೂ ಕೇಳಲ್ಲ. ಕೇಳಿದ್ರೆ "ನಿಮಗ್ಯಾಕೆ ತಲೆನೋವು, ನಾವಿದ್ದೀವಲ್ಲ" ಅಂತಾರೆ. ಈ "ನಾವಿದ್ದೀವಲ್ಲ" ಅನ್ನೋರ ಬಗ್ಗೆಯೇ ಇವತ್ತು ಬರೀತಿದ್ದೀನಿ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ.

ಮೊನ್ನೆ ಒಬ್ಬ ಪೌರಕಾರ್ಮಿಕ ದಂಪತಿ ತಮ್ಮ ಅಗ್ರಿಮೆಂಟ್ ಓದಿ ಹೇಳಿ ಅಂತ ತಂದುಕೊಟ್ಟರು. ಗ್ರಾಮ ಪಂಚಾಯಿತಿ ವ್ಯಾಪ್ತಿಯ 30×40 ಸೈಟು, ಅಂದ್ರೆ 1,200 ಚದರಡಿ. ಮಾತಾಡಿದ ಬೆಲೆ 15 ಲಕ್ಷ. ಕರಾರಿನಲ್ಲಿ ಬರೆದಿರೋದು 11 ಲಕ್ಷ. ಮುಂಗಡ ಅಂತ 6 ಲಕ್ಷ ಕೊಟ್ಟಾಗಿದೆ, ಅದರಲ್ಲಿ ಕಾಗದದಲ್ಲಿ ಕಾಣೋದು 2 ಲಕ್ಷ ಮಾತ್ರ. ಉಳಿದ 4 ಲಕ್ಷ ಕೈಯಿಂದ ಕೈಗೆ ಹೋಗಿದೆ. ಬರೆದಿರೋದು 200 ರೂಪಾಯಿ ಛಾಪಾ ಕಾಗದದ ಮೇಲೆ, ನೋಂದಣಿ ಆಗಿಲ್ಲ. ಮೂರನೇ ಪುಟದಲ್ಲಿ ಒಂದು ಸಾಲು: "ಷೆಡ್ಯೂಲ್ ಸ್ವತ್ತಿನ ಸ್ವಾಧೀನವನ್ನು ಈ ದಿವಸವೇ ಖರೀದಿದಾರರಿಗೆ ಬಿಟ್ಟುಕೊಟ್ಟಿರುತ್ತೇವೆ." ಈ ಒಂದು ಸಾಲು ಮತ್ತು ಆ ಒಂದು ಅಂಕಿ, ಎರಡರ ಮೇಲೆ ಈ ಕುಟುಂಬದ ಇಡೀ ದುಡಿಮೆ ನಿಂತಿದೆ.

ಮೊದಲು ಅಂಕಿ ನೋಡೋಣ.

ಕರ್ನಾಟಕದಲ್ಲಿ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಲೆಕ್ಕ ಹಾಕೋದು ನಾವು ಬರೆದ ಬೆಲೆ ಮೇಲೆ ಮಾತ್ರ ಅಲ್ಲ. ಸರ್ಕಾರ ಆ ಜಾಗಕ್ಕೆ ನಿಗದಿ ಮಾಡಿರೋ ಮಾರ್ಗಸೂಚಿ ಬೆಲೆ ಒಂದು ಕಡೆ, ನಾವು ಬರೆದ ಬೆಲೆ ಇನ್ನೊಂದು ಕಡೆ. ಯಾವುದು ಜಾಸ್ತಿಯೋ ಅದರ ಮೇಲೆ ಶುಲ್ಕ. ಈ ಸೈಟಿನ ಕಡೆ ಮಾರ್ಗಸೂಚಿ ಬೆಲೆ ಚದರಡಿಗೆ 900 ರೂಪಾಯಿ, 1,200 ಚದರಡಿಗೆ 10 ಲಕ್ಷ 80 ಸಾವಿರ. ಬ್ರೋಕರ್ 11 ಲಕ್ಷ ಅಂತ ಬರೆಸಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಮಾರ್ಗಸೂಚಿಗಿಂತ ಒಂದು ಚೂರು ಮೇಲೆ ಬರೆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಯಾರೂ ತಲೆ ಎತ್ತಿ ನೋಡಲ್ಲ.

ದರ ಹೀಗಿದೆ. ಮುದ್ರಾಂಕ ಶುಲ್ಕ 5 ಪರ್ಸೆಂಟ್. ಆ ಶುಲ್ಕದ ಮೇಲೆ 10 ಪರ್ಸೆಂಟ್ ಸೆಸ್. ಅದೇ ಶುಲ್ಕದ ಮೇಲೆ ಸರ್ಚಾರ್ಜ್, ಹಳ್ಳಿ ಕಡೆ 3 ಪರ್ಸೆಂಟ್, ಪಟ್ಟಣದಲ್ಲಿ 2. ಇಲ್ಲಿ ಗಮನಿಸಿ: ಸೆಸ್, ಸರ್ಚಾರ್ಜ್ ಎರಡೂ ಶುಲ್ಕದ ಮೇಲೆ, ಸೈಟಿನ ಬೆಲೆ ಮೇಲೆ ಅಲ್ಲ. ಇದನ್ನ ಬೆಲೆ ಮೇಲೆ ಅಂತ ಹೇಳಿ ಮೋಸ ಮಾಡೋರೂ ಇದ್ದಾರೆ. ಆಮೇಲೆ ನೋಂದಣಿ ಶುಲ್ಕ. ಮುಂಚೆ 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗಿದೆ. ಹಳ್ಳಿ ಕಡೆ ಒಟ್ಟು ಕೂಡಿದರೆ ಬೆಲೆಯ 7.65 ಪರ್ಸೆಂಟ್, ಪಟ್ಟಣದಲ್ಲಿ 7.6.

ಈಗ 11 ಲಕ್ಷಕ್ಕೆ ಲೆಕ್ಕ ಹಾಕಿ. ಮುದ್ರಾಂಕ 55,000. ಸೆಸ್ 5,500. ಸರ್ಚಾರ್ಜ್ 1,650. ನೋಂದಣಿ 22,000. ಒಟ್ಟು 84,150 ರೂಪಾಯಿ. ಸ್ಕ್ಯಾನಿಂಗ್ ಅಂತ ಪುಟಕ್ಕಿಷ್ಟು ಸೇರಿದರೂ ಕೆಲವು ನೂರು ರೂಪಾಯಿ ಅಷ್ಟೇ. ಬ್ರೋಕರ್ ಕೇಳಿದ್ದು ಎಷ್ಟು? 1,25,000. ನಲವತ್ತು ಸಾವಿರದ ಮೇಲೆ ಎಲ್ಲಿ ಹೋಗುತ್ತೆ ಸ್ವಾಮಿ?

ನಿಜವಾದ ಬೆಲೆ 15 ಲಕ್ಷವನ್ನೇ ಬರೆಸಿದ್ದರೆ? ಮುದ್ರಾಂಕ 75,000, ಸೆಸ್ 7,500, ಸರ್ಚಾರ್ಜ್ 2,250, ನೋಂದಣಿ 30,000. ಒಟ್ಟು 1,14,750. ಅಂದ್ರೆ ಪ್ರಾಮಾಣಿಕವಾಗಿ ಪೂರ್ತಿ ಬೆಲೆ ಬರೆಸಿದರೂ ಬ್ರೋಕರ್ ಕೇಳಿದ್ದಕ್ಕಿಂತ ಹತ್ತು ಸಾವಿರ ಕಡಿಮೆ ಆಗ್ತಿತ್ತು! "ಕಮ್ಮಿ ಬರೆಸಿ ನಿಮಗೆ ದುಡ್ಡು ಉಳಿಸಿಕೊಟ್ಟೆ" ಅಂತ ಹೇಳಿದವನು ಉಳಿಸಿದ್ದು ತನ್ನ ಜೇಬಿಗೆ.

ಸರಿ, ಬ್ರೋಕರ್ ನಿಯತ್ತಿನವನೇ ಅಂದ್ಕೊಳ್ಳಿ. ಆಗಲೂ ಉಳಿಯೋದು 30,600 ರೂಪಾಯಿ. ಅದಕ್ಕೆ ಪಣಕ್ಕಿಟ್ಟಿದ್ದು 4 ಲಕ್ಷ. ನಾಳೆ ವ್ಯವಹಾರ ಮುರಿದುಬಿತ್ತು ಅಂದ್ರೆ, ಮಾರಿದವನ ಅಣ್ಣತಮ್ಮಂದಿರು ಭಾಗದ ದಾವೆ ಹಾಕಿದರು ಅಂದ್ರೆ, ವಾಪಸ್ ಕೇಳೋಕೆ ಕಾಗದದಲ್ಲಿ ಇರೋದು 2 ಲಕ್ಷ. ಆ 4 ಲಕ್ಷಕ್ಕೆ ಸಾಕ್ಷಿ ಯಾರು? ಕಾಗದಕ್ಕೆ ಸಾಕ್ಷಿ ಹಾಕಿದ ಬ್ರೋಕರೇ? ಉಳ್ಳವರಿಗೆ ಬ್ಲ್ಯಾಕ್ ಬೇಕು, ಯಾಕೆಂದ್ರೆ ತೆರಿಗೆ ತಪ್ಪಿಸಬೇಕು. ಗುಡಿಸೋ ಕೆಲಸದ ಸಂಬಳ ಬ್ಯಾಂಕಿಗೇ ಬರುತ್ತೆ, ಚೀಟಿ ಎತ್ತಿದ ದುಡ್ಡಿಗೆ ಲೆಕ್ಕ ಇದೆ. ನಮ್ಮ ಬಿಳಿ ದುಡ್ಡನ್ನ ಅವರಿಗೋಸ್ಕರ ನಾವು ಕಪ್ಪು ಮಾಡಿಕೊಡ್ತಿದ್ದೀವಿ. ಬ್ಯಾಂಕ್ ಸಾಲಕ್ಕೆ ಹೋದರೂ ಅವರು ನೋಡೋದು ಕಾಗದದ ಬೆಲೆಯನ್ನ.

ಇನ್ನು ಆ ಒಂದು ಸಾಲು. ಸ್ವಾಧೀನ.

ಅಗ್ರಿಮೆಂಟ್ ಅಂದ್ರೆ 200 ರೂಪಾಯಿ ಬಾಂಡ್ ಸಾಕು ಅನ್ನೋದು ನಮ್ಮಲ್ಲಿ ಬೇರೂರಿರೋ ನಂಬಿಕೆ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ ಅನುಸೂಚಿಯಲ್ಲಿ 5(ಇ) ಅಂತ ಒಂದು ಬಾಬ್ತು ಇದೆ. ಕ್ರಯಪತ್ರ ಆಗೋ ಮುಂಚೆಯೇ ಸ್ವಾಧೀನ ಕೊಟ್ಟಿದ್ದರೆ, ಅಥವಾ ಕೊಡ್ತೀವಿ ಅಂತ ಒಪ್ಪಿದ್ದರೆ, ಆ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. ಸ್ವಾಧೀನ ಇಲ್ಲದ ಕರಾರಿಗೆ ಮಾತ್ರ ಸಣ್ಣ ಶುಲ್ಕ. ಅದೂ ಅಲ್ಲದೆ, ಸ್ವಾಧೀನದ ಆಧಾರದ ಮೇಲೆ ರಕ್ಷಣೆ ಬೇಕು ಅಂದ್ರೆ ಅಂಥ ಕರಾರು ನೋಂದಣಿ ಆಗಿರಲೇಬೇಕು ಅನ್ನೋದು 2001ರ ತಿದ್ದುಪಡಿಯಿಂದ ಇರೋ ಕೇಂದ್ರದ ಕಾನೂನು.

ಇದನ್ನ ಯಾರೂ ಹೇಳಲ್ಲ. ಪತ್ರ ಬರೆಯೋನು ಹಳೇ ಮಾದರಿಯಿಂದ ಆ ಸಾಲನ್ನ ಹಾಗೇ ಎತ್ತಿ ಹಾಕ್ತಾನೆ. ಮೂರು ವರ್ಷ ಬಿಟ್ಟು ಮಾರಿದವನು ರಿಜಿಸ್ಟರ್ ಮಾಡಿಕೊಡಲ್ಲ ಅಂತಾನೆ. ಕೋರ್ಟಿಗೆ ಹೋಗ್ತೀರಿ, ಇದೇ ಕಾಗದ ಮುಂದಿಡ್ತೀರಿ. ಆಗ ಕಾಯ್ದೆಯ 33 ಮತ್ತು 34ನೇ ಸೆಕ್ಷನ್ ಎದ್ದು ನಿಲ್ಲುತ್ತವೆ. ಸರಿಯಾದ ಮುದ್ರಾಂಕ ಇಲ್ಲದ ಪತ್ರವನ್ನ ಕೋರ್ಟು ವಶಕ್ಕೆ ತಗೋಬೇಕು, ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟೋ ತನಕ ಅದನ್ನ ಸಾಕ್ಷ್ಯವಾಗಿ ಒಪ್ಪೋ ಹಾಗಿಲ್ಲ. ಈ ದಂಪತಿಯ ಲೆಕ್ಕದಲ್ಲೇ ಹೇಳ್ತೀನಿ. 11 ಲಕ್ಷಕ್ಕೆ ಕಟ್ಟಬೇಕಿದ್ದದ್ದು 55,000, ಕಟ್ಟಿರೋದು 200. ಬಾಕಿ 54,800, ದಂಡ 5,48,000. ಸೆಸ್, ಸರ್ಚಾರ್ಜ್ ಬಿಟ್ಟೇ ಒಟ್ಟು 6,02,800 ರೂಪಾಯಿ. ಕೊಟ್ಟ ಮುಂಗಡ ಎಷ್ಟೋ ಅಷ್ಟು, ಕಾಗದವನ್ನ ಕೋರ್ಟಿನಲ್ಲಿ ಬರೀ ಓದಿಸೋಕೆ!

ದಂಡ ಕಡಿಮೆ ಮಾಡಿ ಅಂತ ನ್ಯಾಯಾಧೀಶರನ್ನ ಬೇಡಿಕೊಂಡರೆ ಆಗಲ್ಲ. 2018ರಲ್ಲಿ ಗಂಗಪ್ಪ–ಫಕೀರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡಿದೆ: 34ನೇ ಸೆಕ್ಷನ್ನಿನಲ್ಲಿ ಕೋರ್ಟಿಗೆ ಹತ್ತು ಪಟ್ಟಿಗಿಂತ ಕಡಿಮೆ ಹಾಕೋ ಅಧಿಕಾರ ಇಲ್ಲ. ಒಂದೇ ಒಂದು ಕಿಂಡಿ ಇದೆ. ಪತ್ರವನ್ನ ಸಾಕ್ಷ್ಯವಾಗಿ ಗುರುತಿಸೋ ಮುಂಚೆಯೇ, ಇದನ್ನ ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಿಕೊಡಿ ಅಂತ ಕೇಳಬಹುದು. 39ನೇ ಸೆಕ್ಷನ್ನಿನಲ್ಲಿ ದಂಡ ಕಡಿಮೆ ಮಾಡೋ ವಿವೇಚನೆ ಅವರಿಗಿದೆ. 2024ರಲ್ಲಿ ಸೀತಾರಾಮ ಶೆಟ್ಟಿ–ಮೋನಪ್ಪ ಶೆಟ್ಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನ ಒಪ್ಪಿದೆ. ಕೇಸು ನಡೆಸ್ತಿರೋ ಗೆಳೆಯರು ಇದನ್ನ ನಿಮ್ಮ ವಕೀಲರಿಗೆ ತೋರಿಸಿ.

ಈಗ ನಮ್ಮವರ ಜೊತೆಗೇ ಒಂದು ಜಗಳ ಇದೆ. "ಸ್ಟಾಂಪ್ ಡ್ಯೂಟಿ ಸರ್ಕಾರದ ಲೂಟಿ, ಕಡಿಮೆ ಬರೆಸಿದರೆ ತಪ್ಪೇನು" ಅಂತ ನಮ್ಮ ಸಂಘಟನೆಯ ಹಿರಿಯರೇ ಹೇಳೋದನ್ನ ಕೇಳಿದ್ದೀನಿ. ದರ ಜಾಸ್ತಿ ಆಯ್ತು ಅನ್ನೋದರಲ್ಲಿ ನನಗೂ ತಕರಾರಿಲ್ಲ. ನೋಂದಣಿ ಶುಲ್ಕ ರಾತ್ರೋರಾತ್ರಿ ಎರಡರಷ್ಟು ಆದಾಗ ಸೈಟಿಗೆ ಚೀಟಿ ಕಟ್ಟಿದ ಬಡವರ ಬಗ್ಗೆ ಸರ್ಕಾರ ಯೋಚನೆ ಮಾಡಲಿಲ್ಲ. ಅದಕ್ಕೆ ಹೋರಾಟ ಮಾಡೋಣ. ಆದ್ರೆ ಕಡಿಮೆ ಬರೆಸೋದು ಹೋರಾಟ ಅಲ್ಲ, ಅದರ ಬೆಲೆ ತೆರೋದೂ ಮತ್ತೆ ನಾವೇ.

ಹೇಗೆ ಅಂತ ಕೇಳಿ. ರಸ್ತೆಗೋ ಕೈಗಾರಿಕೆಗೋ ನಮ್ಮ ಜಮೀನು ಹೋಗುತ್ತಲ್ಲ, ಅದರ ಪರಿಹಾರ ಹೇಗೆ ನಿಗದಿ ಆಗುತ್ತೆ? 2013ರ ಭೂಸ್ವಾಧೀನ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಒಂದು ಕಡೆ ಮಾರ್ಗಸೂಚಿ ಬೆಲೆ ನೋಡ್ತಾರೆ. ಇನ್ನೊಂದು ಕಡೆ, ಅಕ್ಕಪಕ್ಕದಲ್ಲಿ ಹಿಂದಿನ ಮೂರು ವರ್ಷ ನೋಂದಣಿ ಆದ ಕ್ರಯಪತ್ರ ಮತ್ತು ಕರಾರುಗಳಲ್ಲಿ ಹೆಚ್ಚು ಬೆಲೆ ಬರೆದಿರೋ ಅರ್ಧದಷ್ಟನ್ನ ತೆಗೆದು ಸರಾಸರಿ ಹಾಕ್ತಾರೆ. ಊರಲ್ಲಿ ಎಲ್ಲರೂ ಕಡಿಮೆ ಬರೆಸಿದ್ದರೆ ಆ ಸರಾಸರಿ ಮೇಲೇಳೋದು ಎಲ್ಲಿಂದ? ಗೌಡರ 20 ಎಕರೆಯಲ್ಲಿ ಎರಡು ಎಕರೆ ಹೋದರೆ ಅವರು ಬದುಕ್ತಾರೆ. ನಮ್ಮ ಕೇರಿಯವರಿಗೆ ಇರೋದೇ ಒಂದೂವರೆ ಎಕರೆ, ಅದಕ್ಕೆ ಬರೋ ಪರಿಹಾರವೇ ಕೊನೇ ದುಡ್ಡು. ಯಾರದೋ ಕಪ್ಪು ಹಣ ಮುಚ್ಚೋಕೆ ಬರೆದ ಸುಳ್ಳು ಬೆಲೆ ನಮ್ಮ ಜಮೀನಿನ ಬೆಲೆ ಆಗಿಬಿಡುತ್ತೆ.

ಹಾಗಾಗಿ ಅಗ್ರಿಮೆಂಟ್‌ಗೆ ಸಹಿ ಹಾಕೋ ಮುಂಚೆ ಮೂರು ಕಡೆ ಬೆರಳಿಟ್ಟು ನೋಡಿ. ಬರೆದ ಬೆಲೆ ಮಾತಾಡಿದ ಬೆಲೆಯೇ ಹೌದಾ? ಕೊಟ್ಟ ಪ್ರತಿ ರೂಪಾಯಿಯೂ ಚೆಕ್ ನಂಬರ್ ಅಥವಾ ಬ್ಯಾಂಕ್ ವಿವರದ ಸಮೇತ ಕಾಗದದಲ್ಲಿದೆಯಾ? ಸ್ವಾಧೀನದ ಬಗ್ಗೆ ಏನು ಬರೆದಿದೆ? ಸ್ವಾಧೀನ ಈಗ ಬೇಡ ಅಂದ್ರೆ "ಕ್ರಯಪತ್ರದ ದಿನ ಸ್ವಾಧೀನ ಕೊಡತಕ್ಕದ್ದು" ಅಂತ ಬರೆಸಿ. ಈಗಲೇ ಬೇಕು ಅಂದ್ರೆ ಪೂರ್ತಿ ಶುಲ್ಕ ಕಟ್ಟಿ ನೋಂದಣಿ ಮಾಡಿಸಿ. ಮಾರ್ಗಸೂಚಿ ಬೆಲೆ kaveri.karnataka.gov.in ಅಲ್ಲಿ ಸಿಗುತ್ತೆ. ಗುಣಾಕಾರ ನಿಮ್ಮ ಮಕ್ಕಳೇ ಮಾಡಿಕೊಡ್ತಾರೆ. ದುಡ್ಡು ಬ್ರೋಕರ್ ಕೈಗೆ ಕೊಡಬೇಡಿ, ಚಲನ್ ನಿಮ್ಮ ಹೆಸರಲ್ಲಿ ತೆಗೆಸಿ ನೀವೇ ಕಟ್ಟಿ. ಪತ್ರ ಬರೆದವನ ಕೂಲಿ ಬೇರೆ, ಸರ್ಕಾರದ ಶುಲ್ಕ ಬೇರೆ. ಎರಡನ್ನೂ ಒಂದೇ ಅಂಕಿಯಲ್ಲಿ ಕೇಳೋನ ಹತ್ರ ವ್ಯವಹಾರವೇ ಬೇಡ.

ಒಂದು ಎಚ್ಚರಿಕೆ: ಜಮೀನು ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ್ದಾದರೆ ಈ ಲೆಕ್ಕ ಯಾವುದೂ ಕೆಲಸಕ್ಕೆ ಬರಲ್ಲ. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಮಾರಾಟದ ಕರಾರು ಕೂಡ ಪರಭಾರೆಯೇ. ಸರ್ಕಾರದ ಅನುಮತಿ ಇಲ್ಲದೆ ಎಷ್ಟು ಮುದ್ರಾಂಕ ಕಟ್ಟಿದರೂ ಅದು ಊರ್ಜಿತ ಆಗಲ್ಲ.

ಸರ್ಕಾರಕ್ಕೆ ಒಂದೇ ಒತ್ತಾಯ. ಪ್ರತಿ ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ಮುದ್ರಾಂಕ, ಸೆಸ್, ಸರ್ಚಾರ್ಜ್, ನೋಂದಣಿ, ಈ ನಾಲ್ಕು ಸಾಲಿನ ದರವನ್ನ ಒಂದು ಉದಾಹರಣೆ ಲೆಕ್ಕದ ಸಮೇತ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ. ಅದರ ಕೆಳಗೆ ಐದನೇ ಸಾಲು: ಸ್ವಾಧೀನ ಕೊಟ್ಟ ಕರಾರಿಗೂ ಇದೇ ಶುಲ್ಕ. ಮುಂದಿನ ಸೋಮವಾರ ನಮ್ಮ ತಾಲ್ಲೂಕಿನಲ್ಲಿ ಈ ಮನವಿ ಕೊಡ್ತಿದ್ದೀವಿ. ನಿಮ್ಮ ತಾಲ್ಲೂಕಿನಲ್ಲೂ ಕೊಡಿ. ಬೋರ್ಡ್ ಹಾಕೋ ತನಕ ಈ ಪೋಸ್ಟಿನ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ಕೇರಿಯ ಸಮುದಾಯ ಭವನದ ಗೋಡೆಗೆ ಅಂಟಿಸಿ.

ಜೈ ಭೀಮ್.