ಅರೆನೈರ್ಮಲ್ಯದ ಕಾಮಾಲೆ

ಮುಂಗಾರು ಹಿಡಿದು ನಾಲ್ಕಾರು ವಾರಗಳು ಕಳೆಯುವಷ್ಟರಲ್ಲಿ ನಮ್ಮ ಊರುಗಳಲ್ಲಿ ಒಂದಿಲ್ಲೊಂದು ಮನೆಯ ಮಗು ಜ್ವರವೆಂದು ಮಲಗುವುದು, ಊಟವನ್ನು ಕಂಡರೆ ಮುಖ ತಿರುಗಿಸುವುದು, ಮೂತ್ರವು ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುವುದು, ಕೊನೆಗೆ ಕಣ್ಣಿನ ಬಿಳಿಭಾಗ ಅರಿಶಿನವಾಗುವುದು ವರ್ಷವರ್ಷವೂ ಕಾಣುವ ಸಂಗತಿಯಾಗಿದೆ. ಮನೆಯ ಹಿರಿಯರು ಶೀತಕಾಲದಲ್ಲಿ ಪಿತ್ತ ಕೆದರಿತೆಂದು ಹೇಳಿ, ನೆಲನೆಲ್ಲಿಯ ರಸವನ್ನು ಕುಡಿಸಿ, ಎಣ್ಣೆ ಬಿಟ್ಟ ಪಥ್ಯವನ್ನು ವಿಧಿಸುತ್ತಾರೆ. ಮೂರು ನಾಲ್ಕು ವಾರಗಳಲ್ಲಿ ಮಗು ಚೇತರಿಸಿಕೊಳ್ಳುತ್ತದೆ. ಕೀರ್ತಿ ಔಷಧಿಗೆ ಸಲ್ಲುತ್ತದೆ. ಆದರೆ ಕಾಮಾಲೆಯೆಂಬುದು ಸ್ವತಃ ರೋಗವಲ್ಲ, ರೋಗದ ಕುರುಹು ಮಾತ್ರ. ಯಕೃತ್ತು ನೊಂದು, ತಾನು ಹೊರಹಾಕಬೇಕಾದ ಹಳದಿ ವರ್ಣದ್ರವ್ಯವನ್ನು ಹೊರಹಾಕಲಾರದೆ ಹೋದಾಗ ಅದು ರಕ್ತದಲ್ಲಿ ಸೇರಿ ಕಣ್ಣಿಗೂ ಚರ್ಮಕ್ಕೂ ಬಣ್ಣ ಹಚ್ಚುತ್ತದೆ. ಯಕೃತ್ತನ್ನು ನೋಯಿಸುವ ಕಾರಣಗಳು ಹಲವಿದ್ದರೂ ಮಕ್ಕಳಲ್ಲಿ ಅತಿ ಸಾಮಾನ್ಯವಾದುದು ಹೆಪಟೈಟಿಸ್ ಎ ಎಂಬ ವೈರಸ್ಸು. ಅದು ಸಾಮಾನ್ಯವಾಗಿ ತಾನಾಗಿಯೇ ಶಮನವಾಗತಕ್ಕ ಸ್ವಭಾವದ್ದಾದುದರಿಂದಲೇ ಅದಕ್ಕೆ ಕೊಟ್ಟ ಔಷಧಿಗಳೆಲ್ಲವೂ ಸಿದ್ಧೌಷಧಿಗಳಾಗಿ ಮೆರೆದಿವೆ.

ಮಳೆಗೂ ಈ ವೈರಸ್ಸಿಗೂ ಇರುವ ಸಂಬಂಧವು ಶೀತದ್ದಲ್ಲ, ಮಾರ್ಗದ್ದು. ರೋಗಿಯ ಮಲದಿಂದ ಹೊರಟು ಇನ್ನೊಬ್ಬನ ಬಾಯಿಯನ್ನು ಸೇರುವುದಷ್ಟೇ ಈ ಜೀವಕಣದ ಯಾತ್ರೆ. ಬೇಸಿಗೆಯಲ್ಲಿ ಕೊಳಚೆಯೂ ಕುಡಿಯುವ ನೀರೂ ತಮ್ಮ ತಮ್ಮ ಎಲ್ಲೆಯಲ್ಲಿ ಇರುತ್ತವೆ. ಮಳೆಗಾಲದಲ್ಲಿ ನೆಲದೊಳಗಿನ ನೀರಿನ ಮಟ್ಟ ಏರಿ ಶೌಚದ ಗುಂಡಿಗಳು ತುಂಬಿ ಸೂಸಿ, ಕಟ್ಟೆಯಿಲ್ಲದ ಬಾವಿಗೆ ಅಂಗಳದ ನೀರು ಹರಿದು, ಈ ಎಲ್ಲೆ ಅಳಿಸಿಹೋಗುತ್ತದೆ. ನಲ್ಲಿಯ ನೀರಿಗೆ ಇನ್ನೂ ಸೂಕ್ಷ್ಮವಾದ ಒಂದು ಅಪಾಯವಿದೆ. ನಮ್ಮ ಬಹುಪಾಲು ಪಟ್ಟಣಗಳಲ್ಲಿ ನೀರು ದಿನಕ್ಕೆ ಕೆಲವು ಗಂಟೆ, ಇಲ್ಲವೆ ಎರಡು ಮೂರು ದಿನಕ್ಕೊಮ್ಮೆ ಬರುವುದಷ್ಟೆ. ನೀರು ಬರುವಾಗ ಕೊಳವೆಯೊಳಗೆ ಒತ್ತಡವಿರುವುದರಿಂದ ಬಿರುಕಿದ್ದಲ್ಲಿ ನೀರು ಹೊರಗೆ ಸೋರುತ್ತದೆ. ನೀರು ನಿಂತು ಒತ್ತಡವಿಳಿದ ಕ್ಷಣದಲ್ಲಿ ಅದೇ ಬಿರುಕು ಹೊರಗಿನ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಚರಂಡಿ ಹರಿಯುತ್ತಿದ್ದು, ಮಳೆಯಿಂದ ಮಣ್ಣೆಲ್ಲ ನೆನೆದು ಕೆಸರಾಗಿರುವಾಗ ಹೀಗೆ ಒಳಸೇರುವುದೇನೆಂಬುದನ್ನು ಊಹಿಸಬಹುದು. ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಬೆರೆಸಿ ನಿರ್ಮಲವಾಗಿ ಹೊರಟ ನೀರು ಮನೆಯ ನಲ್ಲಿಗೆ ಬರುವಷ್ಟರಲ್ಲಿ ಮಲಿನವಾಗುವುದು ಹೀಗೆ. ನೀರು ಕದಡಿದ್ದರೆ ಆ ಕೆಸರೇ ಕ್ಲೋರಿನ್ನನ್ನು ಹೀರಿಕೊಂಡು ಅದರ ಶಕ್ತಿಯನ್ನು ಕುಂದಿಸುವುದೂ ಉಂಟು.

ರೋಗದ ಕಾಲಗಣನೆಯೂ ಇಲ್ಲಿ ತಿಳಿಯತಕ್ಕದ್ದು. ವೈರಸ್ಸು ದೇಹವನ್ನು ಹೊಕ್ಕ ದಿನದಿಂದ ಲಕ್ಷಣಗಳು ತೋರುವವರೆಗೆ 15ರಿಂದ 50 ದಿನಗಳು, ಸಾಮಾನ್ಯವಾಗಿ 28 ದಿನಗಳು ಬೇಕು. ಆದುದರಿಂದ ಜುಲೈ 20ರಂದು ಕಣ್ಣು ಹಳದಿಯಾದ ಮಗುವಿನ ತಾಯಿ ನಿನ್ನೆ ಮೊನ್ನೆ ತಿಂದ ಪಾನಿಪುರಿಯನ್ನು ಶಂಕಿಸುವುದು ವ್ಯರ್ಥ. ತಪ್ಪು ನಡೆದಿರಬಹುದಾದುದು ಜೂನ್ ಮೂರನೆಯ ನಾಲ್ಕನೆಯ ವಾರದಲ್ಲಿ, ಮೊದಲ ದೊಡ್ಡ ಮಳೆಗಳ ಹಿಂದೆಯೇ. ಇದಕ್ಕಿಂತಲೂ ಚಿಂತಾಜನಕವಾದ ಸಂಗತಿಯೆಂದರೆ, ಮಗುವಿನ ಮಲದಲ್ಲಿ ವೈರಸ್ಸು ಅತ್ಯಧಿಕವಾಗಿರುವುದು ಕಣ್ಣು ಹಳದಿಯಾಗುವ ಮುಂಚಿನ ಒಂದೆರಡು ವಾರಗಳಲ್ಲಿ. ರೋಗವನ್ನು ಗುರುತಿಸಿ ಮಗುವನ್ನು ಶಾಲೆ ಬಿಡಿಸುವ ಹೊತ್ತಿಗೆ ಅದು ಹಂಚಬೇಕಾದುದನ್ನು ಬಹುಮಟ್ಟಿಗೆ ಹಂಚಿ ಮುಗಿಸಿರುತ್ತದೆ.

ಈ ವ್ಯಾಧಿಯ ವೈಚಿತ್ರ್ಯವೆಲ್ಲ ವಯಸ್ಸಿನಲ್ಲಿ ಅಡಗಿದೆ. ಆರು ವರ್ಷದೊಳಗಿನ ಮಕ್ಕಳಲ್ಲಿ ಬಹುಪಾಲು ಮಂದಿಗೆ ಸೋಂಕು ತಗಲಿದರೂ ಕಾಮಾಲೆ ತೋರುವುದೇ ಇಲ್ಲ. ಎರಡು ದಿನದ ಜ್ವರವೆಂದೋ ಅಜೀರ್ಣವೆಂದೋ ಅದು ಕಳೆದುಹೋಗಿ, ಆಮೇಲೆ ಜೀವಮಾನವೆಲ್ಲ ಉಳಿಯುವ ರಕ್ಷಣೆಯನ್ನು ಬಿಟ್ಟುಹೋಗುತ್ತದೆ. ಅದೇ ವೈರಸ್ಸು ಪ್ರಾಯದವನಿಗೆ ಮೊದಲ ಬಾರಿ ತಗಲಿದರೆ ಹತ್ತರಲ್ಲಿ ಏಳು ಮಂದಿಗೆ ಕಾಮಾಲೆಯಾಗುತ್ತದೆ, ವಾರಗಟ್ಟಲೆ ಹಾಸಿಗೆ ಹಿಡಿಸುತ್ತದೆ; ವಯಸ್ಸು ಏರಿದಂತೆ ಯಕೃತ್ತು ಪೂರ್ತಿ ಕುಸಿದು ಸಾಯುವ ಅಪಾಯವೂ ಏರುತ್ತದೆ. ಹಿಂದಿನ ಕಾಲದಲ್ಲಿ ನೀರು ಸರ್ವತ್ರ ಮಲಿನವಾಗಿತ್ತಾದುದರಿಂದ ಎಲ್ಲರೂ ಎಳವೆಯಲ್ಲಿಯೇ ಈ ಸುಂಕವನ್ನು ತೆತ್ತು ನಿಶ್ಚಿಂತರಾಗುತ್ತಿದ್ದರು. ನೀರು ಪೂರ್ಣ ಶುದ್ಧವಾದ ದೇಶದಲ್ಲಿ ವೈರಸ್ಸಿಗೆ ಪ್ರವೇಶವೇ ಅಪರೂಪ. ಇವೆರಡರ ನಡುವಿನ ಸ್ಥಿತಿಯೇ ಅಪಾಯದ ಸ್ಥಿತಿ: ಶೋಧಕ ಯಂತ್ರದ ನೀರು ಕುಡಿದು ಬೆಳೆದ ಹುಡುಗನು ಎಳವೆಯ ಸೋಂಕನ್ನು ತಪ್ಪಿಸಿಕೊಂಡು, ಹದಿನೆಂಟರಲ್ಲಿ ಹಾಸ್ಟೆಲು ಸೇರಿ ಅಲ್ಲಿಯ ತೊಟ್ಟಿಯ ನೀರಿಗೆ ಅರಕ್ಷಿತನಾಗಿ ಬಾಯೊಡ್ಡುತ್ತಾನೆ. ಊರು ಅರ್ಧ ಶುದ್ಧವಾದಾಗ ಸೋಂಕುಗಳ ಸಂಖ್ಯೆ ಇಳಿಯುತ್ತದೆ, ಕಾಮಾಲೆಯ ಕಾಠಿಣ್ಯ ಏರುತ್ತದೆ.

ಇದಕ್ಕೆ ಚರಿತ್ರೆಯಲ್ಲಿ ಎರಡು ಸಾಕ್ಷ್ಯಗಳನ್ನು ಎದುರುಬದುರಾಗಿ ಇಡಬಹುದು. 1955ರ ಕೊನೆಯಲ್ಲಿ ಯಮುನೆಯ ಪ್ರವಾಹದ ತರುವಾಯ ದಿಲ್ಲಿಯ ನೀರೆತ್ತುವ ಸ್ಥಳಕ್ಕೆ ನಜಫ್‌ಗಢ ನಾಲೆಯ ಕೊಳಚೆ ಹಿಮ್ಮೊಗವಾಗಿ ಬಂದು ಸೇರಿತು. ಅಧಿಕಾರಿಗಳು ಕ್ಲೋರಿನ್ನಿನ ಪ್ರಮಾಣವನ್ನು ಹೆಚ್ಚಿಸಿದ್ದರಿಂದ ವಿಷಮಶೀತಜ್ವರ ಏರಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು, ಅವರಲ್ಲಿ ಪ್ರಾಯದವರೇ ಹೆಚ್ಚು. ಬಹುಕಾಲ ಇದನ್ನು ಹೆಪಟೈಟಿಸ್ ಎ ಎಂದೇ ನಂಬಲಾಗಿತ್ತು. ಎಳವೆಯಲ್ಲಿಯೇ ರಕ್ಷಣೆ ಪಡೆದಿದ್ದ ಅಂದಿನ ವಯಸ್ಕರು ಅದೇ ರೋಗಕ್ಕೆ ಸಾಲುಸಾಲಾಗಿ ಬೀಳುವುದು ಹೇಗೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಕಾಪಿಟ್ಟ ರಕ್ತದ ಮಾದರಿಗಳನ್ನು ದಶಕಗಳ ಮೇಲೆ ಪರೀಕ್ಷಿಸಿದಾಗ: ಅದು ಎ ಅಲ್ಲ, ಈಗ ನಾವು ಹೆಪಟೈಟಿಸ್ ಇ ಎನ್ನುವ ಬೇರೊಂದು ವೈರಸ್ಸು. ಇನ್ನೊಂದು ಸಾಕ್ಷ್ಯ ಶಾಂಘೈ ನಗರದ್ದು. ಅಲ್ಲಿ 1988ರ ಆರಂಭದಲ್ಲಿ ಕೊಳಚೆ ಸೇರಿದ ನೀರಿನ ಚಿಪ್ಪುಜೀವಿಗಳನ್ನು ಅರೆಬೇಯಿಸಿ ತಿಂದು ಸುಮಾರು 3 ಲಕ್ಷ ಜನ ಕಾಮಾಲೆಗೊಳಗಾದರು. ಅದು ನಿಜವಾಗಿಯೇ ಹೆಪಟೈಟಿಸ್ ಎ, ಮತ್ತು ಬಿದ್ದವರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ನಲ್ವತ್ತರೊಳಗಿನವರು. 1955ರ ದಿಲ್ಲಿಯ ವಯಸ್ಕನಿಗೆ ಇದ್ದ ರಕ್ಷಣೆ 1988ರ ಶಾಂಘೈಯ ತರುಣನಿಗೆ ಇರಲಿಲ್ಲ. ನಮ್ಮ ನಗರಗಳ ತರುಣರು ದಿಲ್ಲಿಯ ಸ್ಥಿತಿಯನ್ನು ಬಿಟ್ಟು ಶಾಂಘೈಯ ಸ್ಥಿತಿಯತ್ತ ನಡೆಯುತ್ತಿದ್ದಾರೆಂಬುದೇ ನನ್ನ ವಾದದ ತಿರುಳು.

ಈ ನಡುಹಾದಿಗೆ ಒದಗುವ ಆಸರೆ ಲಸಿಕೆ. ಅದರಲ್ಲಿ ಎರಡು ಬಗೆ. ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯನ್ನು ಮಗುವಿಗೆ 12 ತಿಂಗಳು ತುಂಬಿದ ಮೇಲೆ ಆರು ತಿಂಗಳ ಅಂತರದಲ್ಲಿ ಎರಡು ಬಾರಿ ಕೊಡತಕ್ಕದ್ದು. ಸಜೀವವಾದರೂ ದುರ್ಬಲಗೊಳಿಸಿದ ವೈರಸ್ಸಿನದನ್ನು ಒಂದೇ ಬಾರಿ ಕೊಟ್ಟರೆ ಸಾಕು, ಆದರೆ ಅದು ಗರ್ಭಿಣಿಯರಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಸಲ್ಲದು. ವಯಸ್ಕರಿಗೆ ನಿಷ್ಕ್ರಿಯ ಲಸಿಕೆಯ ಪ್ರಮಾಣ ಮಗುವಿನದರ ಇಮ್ಮಡಿ. ಇದರ ಬಲವನ್ನು ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನಲ್ಲಿ, ರೋಗವು ಹರಡುತ್ತಿರುವಾಗಲೇ, 1991ರಲ್ಲಿ ಪರೀಕ್ಷಿಸಲಾಯಿತು: ಸಾವಿರಕ್ಕೆ ಮೇಲ್ಪಟ್ಟ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಒಂದೇ ಚುಚ್ಚುಮದ್ದು ಲಸಿಕೆಯದು, ಉಳಿದವರಿಗೆ ಸಪ್ಪೆಯದು. 50 ದಿನಗಳು ಕಳೆದ ಮೇಲೆ ಸಪ್ಪೆಯ ಗುಂಪಿನಲ್ಲಿ 25 ಮಕ್ಕಳು ರೋಗಕ್ಕೆ ತುತ್ತಾದರು. ಲಸಿಕೆಯ ಗುಂಪಿನಲ್ಲಿ ಒಬ್ಬರೂ ಇಲ್ಲ. ಇಲ್ಲಿ ಬಹು ಮಂದಿ ತಾಯಂದಿರು ಮಾಡುವ ಒಂದು ತಪ್ಪನ್ನೂ ಹೇಳಬೇಕು. “ಹುಟ್ಟಿದ ದಿನವೇ ಕಾಮಾಲೆ ಲಸಿಕೆ ಹಾಕಿಸಿದ್ದೇವಲ್ಲ” ಎಂದು ಅವರು ಹೇಳುವುದುಂಟು. ಸರ್ಕಾರದ ಕಾರ್ಯಕ್ರಮದಲ್ಲಿ ಹುಟ್ಟಿದೊಡನೆ ಕೊಡುವುದು ರಕ್ತದ ಮೂಲಕ ಹರಡುವ ಹೆಪಟೈಟಿಸ್ ಬಿ ರೋಗದ ಲಸಿಕೆ. ನೀರಿನಿಂದ ಬರುವ ಎ ರೋಗಕ್ಕೆ ಅದು ಏನೂ ಮಾಡಲಾರದು. ಎ ಲಸಿಕೆಯು ರಾಷ್ಟ್ರದ ಉಚಿತ ಪಟ್ಟಿಯಲ್ಲಿಲ್ಲ; ಮಕ್ಕಳ ವೈದ್ಯರಲ್ಲಿ ಕೇಳಿ, ಬೆಲೆ ತೆತ್ತು ಹಾಕಿಸಬೇಕು.

ಇಷ್ಟೊಳ್ಳೆಯದಾದರೆ ಸರ್ಕಾರವೇ ಎಲ್ಲರಿಗೂ ಏಕೆ ಕೊಡಬಾರದು, ಅಥವಾ ಆ ಹಣದಿಂದ ಕೊಳವೆಗಳನ್ನೇ ಏಕೆ ಸರಿಪಡಿಸಬಾರದು ಎಂದು ಪ್ರಾಜ್ಞರು ಕೇಳಬಹುದು. ಎಳವೆಯಲ್ಲಿಯೇ ಎಲ್ಲರಿಗೂ ಸೋಂಕಾಗುವ ಸೀಮೆಯಲ್ಲಿ ಸಾರ್ವತ್ರಿಕ ಲಸಿಕೆ ಅನಾವಶ್ಯಕವೆಂದೂ, ಸೋಂಕಿನ ವಯಸ್ಸು ಮೇಲೇರುತ್ತಿರುವಲ್ಲಿ ಅದು ಯುಕ್ತವೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ನಮ್ಮ ದೇಶದಲ್ಲಿ ಇವೆರಡು ಸೀಮೆಗಳೂ ಒಂದೇ ಜಿಲ್ಲೆಯೊಳಗೆ, ಒಮ್ಮೊಮ್ಮೆ ಒಂದೇ ಬೀದಿಯೊಳಗೆ ಇರುವುದರಿಂದ ನಿರ್ಣಯ ಸುಲಭವಲ್ಲ. ಕೊಳವೆಯ ಪಕ್ಷದ ವಾದವಂತೂ ನ್ಯಾಯವಾದುದು: ಲಸಿಕೆಯು ಇ ವೈರಸ್ಸನ್ನಾಗಲಿ ವಿಷಮಶೀತಜ್ವರವನ್ನಾಗಲಿ ತಡೆಯದು, ಶುದ್ಧ ನೀರು ಎಲ್ಲವನ್ನೂ ತಡೆಯುತ್ತದೆ. ಆದರೆ ನೀರಿನ ಸುಧಾರಣೆ ನಡೆಯುತ್ತಿರುವ ದಶಕಗಳಲ್ಲಿಯೇ ವಯಸ್ಕರ ಕಾಮಾಲೆ ಉಲ್ಬಣಿಸುವುದೆಂದು ಮೇಲೆ ತೋರಿಸಿದೆನಷ್ಟೆ. ಆದುದರಿಂದ ಲಸಿಕೆಯನ್ನು ಸುಧಾರಣೆಯ ಪ್ರತಿಸ್ಪರ್ಧಿಯೆನ್ನುವುದಕ್ಕಿಂತ ಅದರ ಪರಿಣಾಮವಾಗಿ ಹುಟ್ಟಿದ ಅಗತ್ಯವೆನ್ನುವುದು ಸಮಂಜಸ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹಳ್ಳಿಯ ಕೆರೆಬಾವಿಗಳ ನೀರು ಕುಡಿದು ಬೆಳೆದ 68ರ ಅಜ್ಜಿ, ನಗರದಲ್ಲಿ ಬೆಳೆದ 32ರ ಸೊಸೆ, ನಾಲ್ಕು ವರ್ಷದ ಮೊಮ್ಮಗ. ಅಜ್ಜಿಗೆ ಬಹುಶಃ ಸಹಜ ರಕ್ಷಣೆಯಿದೆ. ಸಂಶಯವಿದ್ದರೆ ರಕ್ತದಲ್ಲಿ ಹಳೆಯ ಸೋಂಕಿನ ಪ್ರತಿಕಾಯವನ್ನು ನೋಡುವ ಪರೀಕ್ಷೆಯೊಂದಿದೆ, ಅದು ಇದ್ದರೆ ಲಸಿಕೆ ಬೇಡ. ಮೊಮ್ಮಗನಿಗೆ ಸೋಂಕಾದರೂ ಹಗುರಾಗಿ ಕಳೆಯುವ ಸಂಭವವೇ ಹೆಚ್ಚು, ಆದರೂ ಅವನಿಂದ ಅದು ಮನೆಯೊಳಗೆ ಹರಡೀತು. ನಿಜವಾಗಿ ಬಯಲಿನಲ್ಲಿ ನಿಂತಿರುವವಳು ಸೊಸೆ, ಮತ್ತು ಲಸಿಕೆ ಮಕ್ಕಳಿಗಷ್ಟೇ ಎಂಬ ಭಾವನೆಯಿಂದ ಎಲ್ಲರೂ ಮರೆಯುವುದು ಅವಳನ್ನೇ. ಯಕೃತ್ತಿನ ಹಳೆಯ ಬೇನೆಯುಳ್ಳವರೂ, ಪರದೇಶದ ಶುದ್ಧ ನೀರಿನಲ್ಲಿ ಬೆಳೆದು ಮಳೆಗಾಲದ ರಜೆಗೆ ಅಜ್ಜಿಯ ಮನೆಗೆ ಬರುವ ಕನ್ನಡದ ಮಕ್ಕಳೂ ಅವಳ ಸಾಲಿನವರೇ. ಮನೆಯಲ್ಲಿ ಒಬ್ಬರಿಗೆ ಕಾಮಾಲೆ ಕಂಡರೂ ಎಲ್ಲವೂ ಕೈಮೀರಿತೆಂದಲ್ಲ: ಸೋಂಕಿಗೆ ಒಡ್ಡಿಕೊಂಡ ಎರಡು ವಾರಗಳೊಳಗೆ ಲಸಿಕೆ ಹಾಕಿಸಿದರೆ ಉಳಿದವರನ್ನು ಕಾಪಾಡಬಹುದು. ಆದರೆ ರೋಗಿಯು ಮೊದಲೇ ವೈರಸ್ಸನ್ನು ಹಂಚಿರುವುದರಿಂದ ಈ ಗಡುವು ಬಹಳ ಬಿಗಿಯಾದುದು. ಒಂದು ದಿನವನ್ನೂ ಪಥ್ಯದ ಚರ್ಚೆಯಲ್ಲಿ ಕಳೆಯಲಾಗದು. ರೋಗಿಯು ಅತಿಯಾಗಿ ತೂಕಡಿಸಿದರೆ, ಮಾತು ತೊದಲಿ ಅಸಂಬದ್ಧವಾದರೆ, ಒಸಡಿನಲ್ಲಿ ರಕ್ತ ಸೋರಿದರೆ ಯಕೃತ್ತು ಸೋಲುತ್ತಿದೆಯೆಂದು ತಿಳಿದು ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು.

ಲಸಿಕೆಯ ರಕ್ಷಣೆ ನೆಲೆಗೊಳ್ಳಲು ಎರಡರಿಂದ ನಾಲ್ಕು ವಾರ ಬೇಕು. ಮುಂಗಾರು ಜೂನ್ ಮೊದಲ ವಾರದಲ್ಲಿ ಕರಾವಳಿಯನ್ನು ಮುಟ್ಟುವ ನಾಡಿನಲ್ಲಿ ಅದನ್ನು ಹಾಕಿಸತಕ್ಕ ಕಾಲ, ಆದುದರಿಂದ, ಮೇ ತಿಂಗಳ ಮೊದಲ ಪಕ್ಷ. ಹಾಕಿಸಿದ ಮೇಲೂ ಕುಡಿಯುವ ನೀರು ಒಲೆಯ ಮೇಲೆ ಒಂದು ನಿಮಿಷ ಕೊತಕೊತನೆ ಕುದಿಯಲಿ; ದಿಲ್ಲಿಯನ್ನು ಕಾಡಿದ ವೈರಸ್ಸಿಗೆ ಈ ಲಸಿಕೆಯಲ್ಲಿ ಉತ್ತರವಿಲ್ಲ.